ಮದುವೆ ಸೀಜನ್: ಸೀರೆ ಅಂಗಡಿಯ ಲೆಕ್ಕ ಮುಹೂರ್ತದಿಂದ ಹಿಂದಕ್ಕೆ

ಒಳ್ಳೆಯ ಮುಹೂರ್ತದ ದಿನ ಕಲಬುರಗಿಯ ಸೀರೆ ಅಂಗಡಿಗಳಲ್ಲಿ ಗಿರಾಕಿ ಕಡಿಮೆ. ಎಲ್ಲರೂ ಮಂಟಪದಲ್ಲಿರುತ್ತಾರೆ. ಜವಳಿ ತೆಗೆಯುವುದು ಎರಡು-ಮೂರು ವಾರ ಮೊದಲೇ, ಯಾಕೆಂದರೆ ಜಂಪರ್ ಹೊಲಿಸಬೇಕು, ಪಿಕೋ-ಫಾಲ್ ಆಗಬೇಕು. ಹಾಗಾಗಿ ಮೊದಲು ಪಂಚಾಂಗ ನೋಡಿ ಮುಹೂರ್ತಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಆಮೇಲೆ ಪ್ರತಿಯೊಂದರಿಂದ ಮೂರು ವಾರ ಹಿಂದೆ ಇನ್ನೊಂದು ಗುರುತು ಹಾಕಿ. ಈ ಎರಡನೇ ಗುರುತುಗಳು ಒತ್ತೊತ್ತಾಗಿ ಬಿದ್ದಲ್ಲೇ ನಿಮ್ಮ ರಶ್.

ಅಧಿಕ ಮಾಸವನ್ನು ಮರೆಯಬೇಡಿ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಮದುವೆ ಇಲ್ಲ. ಅದಕ್ಕೂ ಮುಂಚಿನ ಮದುವೆಗಳ ಜವಳಿ ಏಪ್ರಿಲ್‌ನಲ್ಲೇ ಹೆಚ್ಚಾಗಿ ಮುಗಿಯುತ್ತದೆ. ಮೇ ಮೊದಲ ವಾರ ಬಂದ ಮಾಲು ರ‍್ಯಾಕಿನಲ್ಲೇ ಕೂರುತ್ತದೆ.

ಸ್ಟಾಕಿನಲ್ಲಿ ಕೈಕೊಡುವುದು ಮದುಮಗಳ ರೇಷ್ಮೆ ಸೀರೆಯಲ್ಲ, ನೆಂಟರಿಗೆ ಕೊಡುವ ಆಯೇರಿ ಸೀರೆ. ಹೋದ ವರ್ಷದ ಬಿಲ್ ಬುಕ್ ತೆಗೆದು ಮದುವೆ ಬಿಲ್ ಮಾತ್ರ ಎಣಿಸಿ. 30 ಮನೆಯವರು ಬಂದು, ಸರಾಸರಿ 40 ಆಯೇರಿ ಸೀರೆ ಒಯ್ದಿದ್ದಾರೆ ಅಂದುಕೊಳ್ಳಿ. ಒಟ್ಟು 1,200. ಮೊದಲ ಆರ್ಡರಿನಲ್ಲಿ 700 ಸಾಕು. ಸೂರತ್ ಮಾಲು ಲಾರಿಯಲ್ಲಿ ಬರಲು ದಿನ ಹಿಡಿಯುತ್ತದೆ, ಅದಕ್ಕೆ ಮೊದಲ ವಾರದ ಮಾರಾಟ ನೋಡಿದ ಕೂಡಲೇ ಉಳಿದದ್ದನ್ನು ಹೇಳಿ. ಒಂದೇ ರೇಟಿನಲ್ಲಿ, ಒಂದೇ ನಮೂನೆಯಲ್ಲಿ ಹತ್ತಿಪ್ಪತ್ತು ಸೀರೆ ಸಿಗುವಂತೆ ತರಿಸಿ. ಅಕ್ಕನಿಗೊಂದು, ನಾದಿನಿಗೊಂದು ಥರ ಕೊಟ್ಟರೆ ಬೀಗರ ಮನೆಯಲ್ಲಿ ಮಾತು ಬರುತ್ತೆ ಅಲ್ವಾ? ರೇಟು ಒಪ್ಪಿದ ಮೇಲೂ ಗಿರಾಕಿ ಎದ್ದು ಹೋಗುತ್ತಿದ್ದರೆ ಸೆಟ್ ಒಡೆದಿದೆ ಎಂದೇ ತಿಳಿಯಿರಿ.

ಇನ್ನು ರಜೆ. ಕೆಲಸದವರ ಮನೆಯಲ್ಲೂ ಅದೇ ಮುಹೂರ್ತಕ್ಕೆ ಮದುವೆ ಇರುತ್ತದೆ. ಮುಹೂರ್ತದ ದಿನ ಅಂಗಡಿ ಹೇಗೂ ತಣ್ಣಗಿರುವುದರಿಂದ ಆ ದಿನದ ರಜೆ ಧಾರಾಳವಾಗಿ ಕೊಡಿ. ಬಿಗಿ ಮಾಡಬೇಕಾದದ್ದು ಎರಡನೇ ಗುರುತಿನ ವಾರಗಳಲ್ಲಿ. ಆಗ ಸೀರೆ ಬಿಚ್ಚಿ ತೋರಿಸುವ ಅನುಭವಿಗಳಲ್ಲಿ ಒಂದು ದಿನಕ್ಕೆ ಒಬ್ಬರಿಗಷ್ಟೇ ರಜೆ. ಸೀಜನ್‌ಗೆ ಒಂದು ತಿಂಗಳು ಮೊದಲೇ ಕೇಳಿ, ಪಟ್ಟಿ ಗೋಡೆಗೆ ಅಂಟಿಸಿ. ರಂಜಾನ್ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಅದನ್ನೂ ಪಟ್ಟಿಯಲ್ಲಿ ಬರೆಯಿರಿ. ಇಫ್ತಾರ್ ಹೊತ್ತಿಗೆ ಬೇರೆಯವರು ಕೌಂಟರ್ ನೋಡಲಿ, ಯುಗಾದಿಗೆ ಮುಸ್ಲಿಂ ಹುಡುಗರು ನೋಡುತ್ತಾರೆ.

ಅಂಗಡಿ ರಾತ್ರಿ ಹತ್ತರವರೆಗೆ ತೆರೆದಿಟ್ಟರಷ್ಟೇ ಸಾಲದು, ಕೆಲಸದವರನ್ನು ಎರಡು ಪಾಳಿಗೆ ಹಂಚಬೇಕು. ಹಳ್ಳಿಯವರು ಬೆಳಿಗ್ಗೆ ಬಂದು ಸಂಜೆ ಬಸ್ಸಿಗೆ ಹೊರಡುತ್ತಾರೆ. ಊರಿನವರು ಬಿಸಿಲು ಇಳಿದ ಮೇಲೆ ಬರುತ್ತಾರೆ. ಎಂಟು ಜನರಿದ್ದರೆ ನಾಲ್ವರನ್ನು ಒಂಬತ್ತೂವರೆಯಿಂದ ಆರೂವರೆಗೆ, ನಾಲ್ವರನ್ನು ಒಂದರಿಂದ ಹತ್ತಕ್ಕೆ ಹಾಕಿ. ಊಟದ ಒಂದು ಗಂಟೆ ಕಳೆದರೆ ತಲಾ ಎಂಟು ಗಂಟೆ ಕೆಲಸ. ವಾರದ ರಜೆ ಸೀಜನ್‌ನಲ್ಲೂ ತಪ್ಪಿಸಬೇಡಿ, ದಿನ ಮಾತ್ರ ಬದಲಿಸಿ. ಹೆಚ್ಚು ಹೊತ್ತು ನಿಲ್ಲಿಸಿಕೊಂಡರೆ ಆ ಗಂಟೆಗಳನ್ನು ಅದೇ ದಿನ ಪುಸ್ತಕದಲ್ಲಿ ಬರೆದು, ಓವರ್‌ಟೈಮ್ ದುಡ್ಡು ಸಂಬಳದ ಜೊತೆಗೇ ಕೊಡಿ.