ಕಾಲು ಅಳತೆಯ ಕೋಣೆಯಲ್ಲಿ ಫೋಮ್ ಸೋಫಾ: ತೂಕದಿಂದ ಬೆಂಕಿಯ ವೇಗ ಅಳೆದ ನಮ್ಮ ಅನುಭವ

ಬೆಂಕಿ ಎಷ್ಟು ಕಿಲೋವ್ಯಾಟ್ ಉಷ್ಣ ಬಿಡುತ್ತಿದೆ ಎಂದು ತಿಳಿಯಬೇಕಾದರೆ ದೊಡ್ಡ ಹುಡ್ ಬೇಕು, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಯಂತ್ರ ಬೇಕು, ಅದೆಲ್ಲ ಲಕ್ಷಗಳ ಮಾತು ಎಂದೇ ಎಲ್ಲರೂ ಹೇಳುತ್ತಿದ್ದರು. ಮೂರಡಿಯ ಡಬ್ಬಿ, ತೂಕ ಅಳೆಯುವ ಒಂದು ಲೋಡ್ ಸೆಲ್, ತಾಪ ಅಳೆಯುವ ಐದು ಥರ್ಮೋಕಪಲ್ ಇಟ್ಟುಕೊಂಡು ಹೊರಟಾಗ "ಬೊಂಬೆಮನೆ ಸುಟ್ಟು ಏನು ಕಂಡುಹಿಡಿಯುತ್ತೀರಿ?" ಎಂದವರೇ ಹೆಚ್ಚು. ಆರನೇ ಡಬ್ಬಿಗೆ ಅದು ಸರಿಯಾಗಿ ಕೆಲಸ ಮಾಡಿತು. ಒಂದೇ ಬಗೆಯ ಸಾಮಾನನ್ನು ಮೂರು ಸಲ ಸುಟ್ಟರೆ ಮೂರು ಸಲವೂ ಹತ್ತು ಹದಿನೈದು ಸೆಕೆಂಡಿನ ಅಂತರದೊಳಗೆ ಒಂದೇ ಫಲ ಕೊಡುತ್ತದೆ.

ನಾವು ಆರಿಸಿಕೊಂಡದ್ದು ಪರೀಕ್ಷಾ ಕೊಠಡಿಗಳ ಪ್ರಸಿದ್ಧ ಅಳತೆ: 3.6 ಮೀಟರ್ ಉದ್ದ, 2.4 ಅಗಲ, 2.4 ಎತ್ತರ, 0.8 × 2 ಮೀಟರ್ ಬಾಗಿಲು. ಇದನ್ನು ಕಾಲು ಭಾಗಕ್ಕೆ ಇಳಿಸಿದರೆ ಡಬ್ಬಿ 90 × 60 × 60 ಸೆಂ.ಮೀ., ಬಾಗಿಲು 20 × 50. ಕೋಣೆಯಲ್ಲಿ ಉರಿಯಬಲ್ಲದ್ದೆಲ್ಲ ಹೆಚ್ಚುಕಡಿಮೆ ಒಮ್ಮೆಗೇ ಹೊತ್ತಿಕೊಳ್ಳುವ ಘಳಿಗೆಗೆ ಫ್ಲ್ಯಾಶ್‌ಓವರ್ ಎನ್ನುತ್ತಾರೆ. ಲೆಕ್ಕಕ್ಕೆ ಎರಡೇ ಸೂತ್ರ ಸಾಕು, ಉತ್ತರ ಕಿಲೋವ್ಯಾಟ್‌ನಲ್ಲಿ ಬರುತ್ತದೆ:

```
ಒಳಗೆ ಉರಿಯಬಲ್ಲ ಗರಿಷ್ಠ = 1500 × A × √H
ಫ್ಲ್ಯಾಶ್‌ಓವರ್‌ಗೆ ಬೇಕಾದದ್ದು = 7.8 × AT + 378 × A × √H
```

A ಬಾಗಿಲಿನ ವಿಸ್ತೀರ್ಣ, H ಅದರ ಎತ್ತರ, AT ಬಾಗಿಲು ಬಿಟ್ಟು ಒಳಮೈ ಪೂರ್ತಿ, ಎಲ್ಲ ಮೀಟರ್‌ನಲ್ಲಿ. ದೊಡ್ಡ ಕೋಣೆಗೆ ಮೊದಲನೆಯದು ಸುಮಾರು 3400 ಕಿಲೋವ್ಯಾಟ್, ನಮ್ಮ ಡಬ್ಬಿಗೆ 106. ಅಂದರೆ ಸರಿಯಾಗಿ 32ರಲ್ಲಿ ಒಂದು ಭಾಗ. ಜ್ವಾಲೆಯನ್ನು ಕಾಲು ಅಳತೆಗೆ ಇಳಿಸಿದಾಗ ಉಷ್ಣ ಇಳಿಯಬೇಕಾದದ್ದೂ 32ರಲ್ಲಿ ಒಂದಕ್ಕೇ. ಹಾಗಾಗಿ ಬಾಗಿಲಿನ ಅಳತೆ ತಿದ್ದುವ ಗೋಜಿಲ್ಲ.

ಎರಡನೇ ಸೂತ್ರದಲ್ಲಿ ನಾವು ಎಡವಿದೆವು. ದೊಡ್ಡ ಕೋಣೆಗೆ ಫ್ಲ್ಯಾಶ್‌ಓವರ್ ಮಿತಿ 1200 ಕಿಲೋವ್ಯಾಟ್. ಅದರ 32ನೇ ಭಾಗ ಸುಮಾರು 38. ಆದರೆ ಡಬ್ಬಿಯ ಅಳತೆಯನ್ನೇ ಹಾಕಿ ನೋಡಿದರೆ 48 ಬರುತ್ತದೆ. ಸಣ್ಣ ಡಬ್ಬಿಗೆ ಬೆಂಕಿಯ ಹೋಲಿಕೆಯಲ್ಲಿ ಗೋಡೆಯೇ ಹೆಚ್ಚು, ಗೋಡೆ ಶಾಖ ಕದಿಯುತ್ತದೆ. ಮೊದಲ ಎರಡು ಡಬ್ಬಿಗಳನ್ನು ಬರೀ ಕಬ್ಬಿಣದ ತಗಡಿನಲ್ಲಿ ಮಾಡಿದ್ದೆವು. ತಗಡು ಕೆಂಪಗೆ ಕಾದು ಶಾಖವನ್ನೆಲ್ಲ ಹೊರಗೆ ಚೆಲ್ಲಿತು, ಒಳಗಿನ ಸೋಫಾ ಪೂರ್ತಿ ಸುಟ್ಟುಹೋದರೂ ಮೇಲಿನ ಬಿಸಿ ಹೊಗೆಯ ಪದರ 400 ಡಿಗ್ರಿ ದಾಟಲಿಲ್ಲ. ಒಳಮೈಗೆಲ್ಲ 25 ಮಿ.ಮೀ. ಸೆರಾಮಿಕ್ ಫೈಬರ್ ಬ್ಲ್ಯಾಂಕೆಟ್, 128 ಡೆನ್ಸಿಟಿಯದು, ಹೊದಿಸಿದ ಮೇಲೆ ದಾರಿಗೆ ಬಂತು. ಆ ಹೊದಿಕೆಯ ದಪ್ಪವನ್ನು ಲೆಕ್ಕಕ್ಕೆ ಹಿಡಿದು ತಗಡಿನ ಪೆಟ್ಟಿಗೆಯನ್ನು ಅಷ್ಟು ದೊಡ್ಡದಾಗಿ ಮಾಡಿಸಿ, ಇಲ್ಲದಿದ್ದರೆ ಒಳ ಅಳತೆ ಕೆಡುತ್ತದೆ. ಕತ್ತರಿಸುವಾಗ ಮಾಸ್ಕ್, ಕೈಗವಸು ಬೇಕೇ ಬೇಕು.

ಮೂರನೇ ಡಬ್ಬಿಗೆ ಜಿಪ್ಸಮ್ ಬೋರ್ಡ್ ಹಾಕಿ, ಇಡೀ ಡಬ್ಬಿಯನ್ನೇ ತಕ್ಕಡಿ ಮೇಲಿಟ್ಟೆವು. ಇದು ಅತ್ಯಂತ ದುಬಾರಿ ಪಾಠ. ಜಿಪ್ಸಮ್‌ನಲ್ಲಿ ತೂಕದ ಐದನೇ ಒಂದರಷ್ಟು ನೀರು ಕಟ್ಟಿಕೊಂಡಿರುತ್ತದೆ. ಕಾದಂತೆ ಆ ನೀರು ಆವಿಯಾಗುತ್ತದೆ, ತೂಕ ಇಳಿಯುತ್ತದೆ, ಆ ಇಳಿಕೆಯನ್ನು ನಾವು ಬೆಂಕಿಯ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆವು. ಸೋಫಾ ಆರಿ ಬೂದಿಯಾದ ಮೇಲೂ ಗ್ರಾಫ್ 30 ಕಿಲೋವ್ಯಾಟ್ ತೋರಿಸುತ್ತಿತ್ತು. ತಪ್ಪು ಗೊತ್ತಾದದ್ದು ಆಗಲೇ. ಆಮೇಲೆ ಸಾಮಾನನ್ನು ಮಾತ್ರ ತೂಗಿದೆವು. ನೆಲದಲ್ಲಿ ತೂತು, ಅದರ ಮೂಲಕ ಒಂದಡಿಯ ಕಬ್ಬಿಣದ ಸರಳು, ಸರಳಿನ ಮೇಲೆ ತಟ್ಟೆ, ಕೆಳಗೆ 10 ಕೆ.ಜಿ. ಲೋಡ್ ಸೆಲ್. ನಾಲ್ಕನೇ ಡಬ್ಬಿಯಲ್ಲಿ ಕರಗಿದ ಫೋಮ್ ಆ ತೂತಿನಿಂದಲೇ ಇಳಿದು ಲೋಡ್ ಸೆಲ್ಲಿನ ಮೇಲೆ ಉರಿಯಿತು. ಈಗ ತಟ್ಟೆಗೆ ಎರಡು ಇಂಚಿನ ಅಂಚು ಕಟ್ಟುತ್ತೇವೆ, ಸರಳಿಗೆ ಕೊಡೆಯಂತೆ ಬೋರಲು ಬಟ್ಟಲು ಸೇರಿಸುತ್ತೇವೆ. ಅಂಚು ನೆಲಕ್ಕಾಗಲಿ ಗೋಡೆಗಾಗಲಿ ತಾಗಬಾರದು. ತಾಗಿದರೆ ಗ್ರಾಫ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ.

ಲೆಕ್ಕ ಸರಳ: ಸೆಕೆಂಡಿಗೆ ಎಷ್ಟು ಗ್ರಾಂ ಕಡಿಮೆಯಾಯಿತು, ಅದನ್ನು ಗ್ರಾಂಗೆ ಸಿಗುವ ಉಷ್ಣದಿಂದ ಗುಣಿಸುವುದು. ಒಂದೊಂದು ಸೆಕೆಂಡಿನ ವ್ಯತ್ಯಾಸ ತೆಗೆದರೆ ಬರೀ ಗದ್ದಲ. ಹತ್ತು ಸೆಕೆಂಡಿನ ಇಳಿಜಾರು ತೆಗೆಯಬೇಕು. ಫೋಮಿಗೆ ಪುಸ್ತಕದಲ್ಲಿ ಕಾಣುವ 26 ಕಿಲೋಜೂಲ್ ಹಾಕಬೇಡಿ, ಅದು ಒಂಚೂರೂ ಮಸಿ ಬಿಡದೆ ಪೂರ್ತಿ ಉರಿದರೆ ಸಿಗುವ ಲೆಕ್ಕ. ಕಪ್ಪು ಹೊಗೆ ಕಾರುತ್ತ ಉರಿಯುವ ಫೋಮ್ ಕೊಡುವುದು ಸುಮಾರು 18. ಮರಕ್ಕೆ 12ರಿಂದ 13. ಹತ್ತಿಗೂ ತೆಂಗಿನ ನಾರಿಗೂ ಅದನ್ನೇ ಬಳಸಿದೆವು.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಫೋಮಿನಲ್ಲಿ ಪೆಟ್ರೋಲಿನ ಅಂಶ ಇದೆ, ಅದಕ್ಕೇ ಕೋಣೆ ಬೇಗ ಹೊತ್ತಿಕೊಳ್ಳುತ್ತದೆ ಎಂಬುದು ಎಲ್ಲೆಡೆ ಕೇಳುವ ವಿವರಣೆ. ಗ್ರಾಂ ಲೆಕ್ಕದಲ್ಲಿ ಅದು ಮರದ ಒಂದೂವರೆ ಪಟ್ಟು ಮಾತ್ರ; ಅಷ್ಟರಿಂದ ಈ ವೇಗ ಬರುವುದಿಲ್ಲ. ವೇಗ ಬರುವುದು ಸೆಕೆಂಡಿಗೆ ಎಷ್ಟು ಗ್ರಾಂ ಆವಿಯಾಗುತ್ತದೆ ಎಂಬುದರಿಂದ. ಅಂಗಡಿಯವರು ಹೇಳುವ 28 ಡೆನ್ಸಿಟಿ ಎಂದರೆ ಘನ ಮೀಟರಿಗೆ 28 ಕೆ.ಜಿ., ಉಳಿದದ್ದೆಲ್ಲ ಗಾಳಿ. ಅದೇ ಗಾತ್ರದ ತೇಗ 600 ಕೆ.ಜಿ. ಮೇಲಿರುತ್ತದೆ. ಮರದ ಮೈ ಬಿಸಿಯಾಗಲು ಹೊರಟರೆ ಒಳಗಿನ ಮರ ಆ ಶಾಖವನ್ನು ಹೀರುತ್ತದೆ, ಆಮೇಲೆ ಇದ್ದಿಲಿನ ಪದರ ಕಟ್ಟಿಕೊಂಡು ಒಳಗಿನದನ್ನು ಕಾಯುತ್ತದೆ. ಫೋಮಿನ ಮೈಗೆ ಹಿಂದಿನಿಂದ ಹೀರುವವರೂ ಇಲ್ಲ, ಮೇಲೆ ಕಾಯುವವರೂ ಇಲ್ಲ. ಬಿದ್ದ ಶಾಖವೆಲ್ಲ ಆ ತೆಳು ಪದರವನ್ನು ಕರಗಿಸಲೇ ಖರ್ಚಾಗುತ್ತದೆ.

ನಮ್ಮ ಸೋಫಾ ಎಂದರೆ 40 × 20 ಸೆಂ.ಮೀ.ನ ಎರಡು ಫೋಮ್ ತುಂಡು, ಒಂದು ಆಸನ, ಒಂದು ಬೆನ್ನು, ಪಾಲಿಯೆಸ್ಟರ್ ಬಟ್ಟೆಯ ಹೊದಿಕೆ, ಪ್ಲೈವುಡ್ ಚೌಕಟ್ಟು. ಫೋಮ್ ಬರೀ 200 ಗ್ರಾಂ. ಆಸನದ ಮೂಲೆಯಲ್ಲಿ ಸಣ್ಣ ಜ್ವಾಲೆ ಹಿಡಿದರೆ ಮೊದಲ ಮುಕ್ಕಾಲು ನಿಮಿಷ ಏನೂ ಅನ್ನಿಸುವುದಿಲ್ಲ, ಸೆಕೆಂಡಿಗೆ ಅರ್ಧ ಗ್ರಾಂಗಿಂತ ಕಡಿಮೆ. ಆಮೇಲೆ ಆಸನ ಕುಸಿಯುತ್ತದೆ. ಫೋಮ್ ಜೇನಿನ ಬಣ್ಣದ ದ್ರವವಾಗಿ ತಟ್ಟೆಗೆ ತೊಟ್ಟಿಕ್ಕಿ ಅಲ್ಲೇ ಹರಡಿ ಉರಿಯತೊಡಗುತ್ತದೆ, ಮೇಲಿನ ಸೋಫಾವನ್ನು ಈಗ ಅಡಿಯಿಂದಲೂ ಕಾಯಿಸುತ್ತದೆ. ಒಲೆಯ ಮೇಲೆ ಪಾತ್ರೆ ಇಟ್ಟ ಹಾಗೆ. ಗ್ರಾಫ್ ನೆಟ್ಟಗೆ ಏಳುವುದು ಇಲ್ಲೇ: ಇಪ್ಪತ್ತು ಸೆಕೆಂಡಿನಲ್ಲಿ 1 ಗ್ರಾಂನಿಂದ ಸುಮಾರು 4 ಗ್ರಾಂಗೆ, ಅಂದರೆ 70 ಕಿಲೋವ್ಯಾಟ್ ಆಸುಪಾಸು. ಮಿತಿಯ 48 ದಾಟಿದ ಕೆಲವೇ ಸೆಕೆಂಡಿನಲ್ಲಿ ಮೇಲಿನ ಥರ್ಮೋಕಪಲ್ 600 ಡಿಗ್ರಿ ಮುಟ್ಟುತ್ತದೆ, ನೆಲದ ಮೇಲೆ ಸಾಕ್ಷಿಗೆಂದು ಇಟ್ಟ ಪತ್ರಿಕೆಯ ಉಂಡೆ ಜ್ವಾಲೆ ತಾಗದೆಯೇ ಹೊತ್ತಿಕೊಳ್ಳುತ್ತದೆ. ಎಲ್ಲ ಸೇರಿ ಎರಡು ನಿಮಿಷಕ್ಕೆ ತುಸು ಹೆಚ್ಚು. ಮರದ ಚೌಕಟ್ಟು, ಹತ್ತಿ ತುಂಬಿದ ದಿಂಬಿನ ಸೋಫಾ ಅದೇ ಡಬ್ಬಿಯಲ್ಲಿ ಹೊಗೆಯಾಡುತ್ತ ಹದಿನೈದು ನಿಮಿಷ ಎಳೆಯಿತು. ಎರಡು ಸಲ ಫ್ಲ್ಯಾಶ್‌ಓವರ್ ಮುಟ್ಟಲೇ ಇಲ್ಲ. ಡಬ್ಬಿಯ ಸಮಯವನ್ನು ಗುಣಿಸಿ ದೊಡ್ಡ ಕೋಣೆಯ ಸಮಯ ಹೇಳಲು ಹೋಗಬೇಡಿ, ಹೊತ್ತಿಕೊಳ್ಳುವ ಕಾಲ ಅಳತೆಯ ಜೊತೆ ಇಳಿಯುವುದಿಲ್ಲ. ಪೂರ್ಣ ಅಳತೆಗೆ ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಸುಟ್ಟ ಜೋಡಿ ಕೋಣೆಗಳ ಫಲ ಇದೆ: ಹೊಸ ಸಾಮಾನಿನ ಕೋಣೆ 3 ನಿಮಿಷ 40 ಸೆಕೆಂಡ್, ಹಳೆಯದು 29 ನಿಮಿಷ 30 ಸೆಕೆಂಡ್.

ಬಾಗಿಲಿನ ಅಗಲವನ್ನು ಅರ್ಧಕ್ಕೆ ಇಳಿಸಿ 10 ಸೆಂ.ಮೀ. ಮಾಡಿದಾಗ ನಿಜವಾದ ವಿಷಯ ತೆರೆದುಕೊಂಡಿತು. ಒಳಗೆ ಉರಿಯಬಲ್ಲದ್ದು ಈಗ 53 ಕಿಲೋವ್ಯಾಟ್ ಮಾತ್ರ. ತಕ್ಕಡಿ ಇನ್ನೂ 65 ಎನ್ನುತ್ತಿತ್ತು. ತಕ್ಕಡಿ ಸುಳ್ಳಾಡಲಿಲ್ಲ. ಅದು ಹೇಳುವುದು ಎಷ್ಟು ಸಾಮಾನು ಆವಿಯಾಯಿತು ಎಂದು, ಎಲ್ಲಿ ಉರಿಯಿತು ಎಂದಲ್ಲ. ಗಾಳಿ ಸಾಲದೆ ಉಳಿದ ಆವಿ ಬಾಗಿಲಿನಿಂದ ಹೊರಬಂದು ಅಲ್ಲಿ ಗಾಳಿ ಸಿಕ್ಕಿ ಉರಿಯಿತು. ಜ್ವಾಲೆ ಸೋಫಾವನ್ನು ಬಿಟ್ಟು ಬಾಗಿಲ ಬಳಿಗೆ ಸರಿದದ್ದು ಕಣ್ಣಿಗೇ ಕಂಡಿತು. ಈ ಹಂತದ ಅಂಕಿಯನ್ನು ಒಳಗಿನ ಉಷ್ಣ ಎಂದು ಬರೆದರೆ ತಪ್ಪು.

ಬೆಂಕಿ ಸಾಮಾನಿನ ಹಿಡಿತದಲ್ಲಿದೆಯೋ ಗಾಳಿಯ ಹಿಡಿತದಲ್ಲಿದೆಯೋ ಎಂದು ತಿಳಿಯಲು ನಮ್ಮ ಪರೀಕ್ಷೆ ಒಂದೇ. ಬಾಗಿಲಿನ ತಗಡನ್ನು ಎರಡು ಇಂಚು ಸರಿಸಿ ಇನ್ನಷ್ಟು ತೆರೆಯುವುದು. ಒಳಗಿನ ತಾಪ ಇಳಿದರೆ ಸಾಮಾನಿನ ಹಿಡಿತ, ಏರಿದರೆ ಗಾಳಿಯ ಹಿಡಿತ. ಬಾಗಿಲನ್ನು ಒಂದು ಸೆಂ.ಮೀ. ಸಂದು ಬಿಟ್ಟು ಮುಚ್ಚಿದಾಗ 750ರಲ್ಲಿದ್ದ ತಾಪ ಎರಡು ನಿಮಿಷದೊಳಗೆ 350ಕ್ಕೆ ಬಂತು, ಜ್ವಾಲೆ ಕಾಣಲಿಲ್ಲ, ಆರಿತೆಂದೇ ನೋಡುವವರು ಅಂದುಕೊಳ್ಳುತ್ತಾರೆ. ಆದರೆ ತಕ್ಕಡಿಯಲ್ಲಿ ಸೆಕೆಂಡಿಗೆ ಅರ್ಧ ಗ್ರಾಂ ಇಳಿಯುತ್ತಲೇ ಇತ್ತು. ಸಂದಿನ ಹೊಗೆ ಉಸಿರಾಡಿದಂತೆ ಹೊರಬಂದು ಒಳಸರಿಯುತ್ತಿತ್ತು. ಬಾಗಿಲು ಪೂರ್ತಿ ತೆರೆದ ಇಪ್ಪತ್ತು ಸೆಕೆಂಡಿಗೆ ಒಂದೇ ಏಟಿಗೆ ಜ್ವಾಲೆ ಒಂದು ಮೀಟರ್ ಹೊರಗೆ ಹಾರಿತು. ಅದಕ್ಕೇ ತಗಡನ್ನು ಪಕ್ಕದಿಂದ ಹತ್ತಡಿ ಉದ್ದದ ಸರಳಿನಲ್ಲಿ ಎಳೆಯುತ್ತೇವೆ, ಬಾಗಿಲಿನ ಎದುರು ಯಾರೂ ನಿಲ್ಲುವಂತಿಲ್ಲ. ಫೋಮಿನ ಹೊಗೆಯಲ್ಲಿ ಸಯನೈಡ್ ಅನಿಲ ಇರುತ್ತದೆ. ಬಯಲಿನಲ್ಲಿ, ಗಾಳಿ ಬರುವ ಕಡೆ ನಿಂತು, ನೀರು ತುಂಬಿದ ಹೋಸ್ ಕೈಯಲ್ಲಿಟ್ಟುಕೊಂಡೇ ಸುಡಬೇಕು.

ಖರ್ಚು, ಕೆಲಸ ಮಾಡಿದ ಡಬ್ಬಿಗೆ ಹದಿನಾಲ್ಕು ಹದಿನೈದು ಸಾವಿರ. ಕೆಟ್ಟ ಐದಕ್ಕೆ ಅದಕ್ಕಿಂತ ಹೆಚ್ಚೇ ಹೋಗಿದೆ. ಲೋಡ್ ಸೆಲ್ ಬಿಸಿಯಾಗಿ ಅಂಕಿ ಜಾರದಂತೆ ತಡೆಯುವ ಏರ್ಪಾಡು ಮತ್ತು ಮುಂದಿನ ಡಬ್ಬಿಯ ಒಡೆಯುವ ಕಿಟಕಿಗೆ ಬಳಸುವ ವಸ್ತು, ಈ ಎರಡನ್ನು ಸದ್ಯ ನಮ್ಮಲ್ಲೇ ಇಟ್ಟುಕೊಂಡಿದ್ದೇವೆ.

ನಡುವೆ ಫೋಮಿನ ಮೇಲೆ ದಪ್ಪ ಕಾಟನ್ ಹೊದಿಕೆ ಹಾಕಿಯೂ ನೋಡಿದೆವು. ಹೊತ್ತಿಕೊಳ್ಳುವುದು ಒಂದು ನಿಮಿಷದಷ್ಟು ತಡವಾಯಿತು. ಹೊದಿಕೆ ಸುಟ್ಟು ಬಿರಿದ ಮೇಲೆ ಗ್ರಾಫಿನ ಏರು ಮೊದಲಿನಷ್ಟೇ ನೆಟ್ಟಗೆ. ತಡ ಸಿಕ್ಕಿತು, ಎತ್ತರ ಕಡಿಮೆಯಾಗಲಿಲ್ಲ.

ಇದೇ ಸೂತ್ರವನ್ನು ನಮ್ಮ ಮನೆಗಳ 10 × 12 ಅಡಿ ಕೋಣೆಗೆ, 10 ಅಡಿ ಎತ್ತರ, ಅಡಿಗೆ 30 ಸೆಂ.ಮೀ. ಹಿಡಿದು, ಹಾಕಿದೆವು. 3 × 7 ಅಡಿ ಬಾಗಿಲು ತೆರೆದಿದ್ದರೆ ಫ್ಲ್ಯಾಶ್‌ಓವರ್‌ಗೆ ಬೇಕಾದದ್ದು ಸುಮಾರು 1500 ಕಿಲೋವ್ಯಾಟ್. ಮೂರು ಜನ ಕೂರುವ ಫೋಮ್ ಸೋಫಾ ಒಂದೇ 2000ದಿಂದ 3000 ಕೊಡಬಲ್ಲದು. ಬಾಗಿಲು ಮುಚ್ಚಿ, 60 × 45 ಸೆಂ.ಮೀ.ನ ಒಂದು ವೆಂಟಿಲೇಟರ್ ಮಾತ್ರ ತೆರೆದಿದ್ದರೆ ಬೇಕಾದದ್ದು ಸುಮಾರು 540, ಆದರೆ ಗಾಳಿ ಬಿಡುವುದು 270. ಫ್ಲ್ಯಾಶ್‌ಓವರ್ ಆಗಲಾರದು. ಅದೇ ಕೋಣೆಯ 4 × 4 ಅಡಿ ಕಿಟಕಿಯ ಗಾಜು ಒಡೆದರೆ ಬೇಕಾದದ್ದು ಸುಮಾರು 1060, ಗಾಳಿ ಬಿಡುವುದು ಸುಮಾರು 2370. ನಮ್ಮ ಮುಂದಿನ ಡಬ್ಬಿ ಈ ಕಿಟಕಿಗಾಗಿ: ಗಾಜು ಯಾವ ತಾಪಕ್ಕೆ ಬಿರುಕು ಬಿಡುತ್ತದೆ, ಬಿರುಕು ಬಿಟ್ಟದ್ದು ಯಾವಾಗ ಉದುರುತ್ತದೆ ಎಂದು ಬೇರೆ ಬೇರೆಯಾಗಿ ಬರೆದಿಡಬೇಕು. ಬಿರುಕಿನಿಂದ ಗಾಳಿ ಬರುವುದಿಲ್ಲ. ಉದುರಿದರೆ ಮಾತ್ರ ಬರುತ್ತದೆ.