ಓಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿ ಸ್ವಂತ ರೂಟರ್ ಜೋಡಿಸಿದ ಬಗೆ

ಫೈಬರ್ ಕನೆಕ್ಷನ್ ಜೊತೆ ಕಂಪನಿಯವರು ಕೊಡುವ ಡಬ್ಬಿ ಎರಡು ಕೆಲಸ ಮಾಡುತ್ತದೆ. ಫೈಬರಿನ ಬೆಳಕನ್ನು ಡೇಟಾ ಮಾಡುವುದು ಓಎನ್‌ಟಿ ಕೆಲಸ, ಮನೆಯೊಳಗೆ ಹಂಚುವುದು ರೂಟರ್ ಕೆಲಸ. ಮೊದಲನೆಯದನ್ನು ಅದಕ್ಕೇ ಬಿಟ್ಟು ಎರಡನೆಯದನ್ನು ಮಾತ್ರ ನನ್ನ ರೂಟರಿಗೆ ಕೊಟ್ಟೆ. ಇದಕ್ಕೇ ಬ್ರಿಡ್ಜ್ ಮೋಡ್ ಎನ್ನುವುದು. ಪ್ಲಾನಿನ ವೇಗದ ಮಿತಿ ಇರುವುದು ಕಂಪನಿಯ ಕಡೆಯ ಉಪಕರಣದಲ್ಲಿ. ಎಷ್ಟೇ ದುಬಾರಿ ರೂಟರ್ ತಂದರೂ ಅದು ಮೇಲೇರದು.

ಹಾಗಾಗಿ ಖರ್ಚು ಮಾಡುವ ಮುಂಚೆ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಲ್ಲಿ ನೇರ ಓಎನ್‌ಟಿಗೆ ಸಿಕ್ಕಿಸಿ ಅಳೆಯಬೇಕು. ನಮ್ಮದು 200 ಎಂಬಿಪಿಎಸ್ ಪ್ಲಾನ್. ಕೇಬಲ್‌ನಲ್ಲಿ ಪೂರ್ತಿ ಬಂದು ವೈಫೈನಲ್ಲಿ 45ಕ್ಕೆ ಇಳಿದರೆ ತೊಂದರೆ ವೈಫೈಯದೇ, ಡಬ್ಬಿಯಲ್ಲಿ 2.4 ಗಿಗಾಹರ್ಟ್ಸ್ ಮಾತ್ರ ಇದ್ದರೆ ಹೀಗಾಗುವುದು ಮಾಮೂಲು. ಕೇಬಲ್‌ನಲ್ಲೇ 94ರ ಆಸುಪಾಸಿನಲ್ಲಿ ನಿಂತುಬಿಟ್ಟರೆ ರೂಟರ್ ಬದಲಿಸಿ ಫಲವಿಲ್ಲ. ಆ ಲಿಂಕ್ 100ಕ್ಕೆ ಕೂತಿದೆ ಎಂದರ್ಥ. ಗಿಗಾಬಿಟ್‌ಗೆ ಕೇಬಲಿನ ಎಂಟೂ ತಂತಿ ಬೇಕು, ಒಂದು ಕೈಕೊಟ್ಟರೂ 100ಕ್ಕೆ ಬೀಳಬಹುದು. ಕೆಲವು ಓಎನ್‌ಟಿಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್ ಇರುತ್ತದೆ, ಅದನ್ನೂ ನೋಡಿಕೊಳ್ಳಿ.

ಬದಲಿಸುವ ಮುನ್ನ ಓಎನ್‌ಟಿಯ ಸೆಟ್ಟಿಂಗ್‌ನಲ್ಲಿ WAN, ಅಂದರೆ ಹೊರಗಿನ ಇಂಟರ್ನೆಟ್ ಕಡೆಯ ಪುಟದ ಫೋಟೊ ತೆಗೆದಿಡಿ. ಕಂಪನಿ ಇಂಟರ್ನೆಟ್ ಹರಿವಿಗೆ ಕೊಟ್ಟ ಗುರುತಿನ ಸಂಖ್ಯೆಯಾದ VLAN ID ಮತ್ತು ಕನೆಕ್ಷನ್‌ಗೆ ಲಾಗಿನ್ ಆಗುವ ವಿಧಾನವಾದ PPPoEಯ ಯೂಸರ್‌ನೇಮ್ ಅಲ್ಲೇ ಸಿಗುತ್ತವೆ. ಪಾಸ್‌ವರ್ಡ್ ಚುಕ್ಕಿಗಳ ಹಿಂದೆ ಇರುವುದರಿಂದ ಅದನ್ನು ಕಂಪನಿಯವರಿಂದಲೇ ಕೇಳಿ ಪಡೆಯಬೇಕು. ಬಹಳ ಸಲ ಬ್ರಿಡ್ಜ್ ಆಯ್ಕೆ ಕಾಣುವುದು ಅವರ ಅಡ್ಮಿನ್ ಲಾಗಿನ್‌ಗೆ ಮಾತ್ರ. ಹಾಗಿದ್ದರೆ ಅವರೇ ಹಾಕಿಕೊಡಬೇಕು.

ಇಂಟರ್ನೆಟ್ಟಿನ WAN ಅನ್ನು Route ಇಂದ Bridge ಮಾಡಿ, VLAN ID ಹಾಗೇ ಉಳಿಸಿ, ಗಿಗಾಬಿಟ್ ಪೋರ್ಟಿಗೆ ಬೈಂಡ್ ಮಾಡಿ, ಓಎನ್‌ಟಿಯ ವೈಫೈ ಆಫ್ ಮಾಡಿ. ಲ್ಯಾಂಡ್‌ಲೈನ್ ಇದ್ದರೆ VoIP ಸಾಲನ್ನು ಮುಟ್ಟಲೇಬೇಡಿ, ಫೋನ್ ಸತ್ತುಹೋಗುತ್ತದೆ. ಆ ಪೋರ್ಟಿನಿಂದ ನಮ್ಮ ರೂಟರಿನ WAN ಪೋರ್ಟಿಗೆ ಕೇಬಲ್ ಎಳೆದು, PPPoE ಆರಿಸಿ ಲಾಗಿನ್ ತುಂಬಿ. ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರವಾದ MTU 1492 ಇರಲಿ. 1500 ಬೈಟ್‌ನಲ್ಲಿ 8 ಬೈಟ್ PPPoEಗೇ ಹೋಗುತ್ತದೆ. ಲಾಗಿನ್ ಸರಿಯಿದ್ದೂ ಕನೆಕ್ಟ್ ಆಗದಿದ್ದರೆ ಹಳೆಯ ಉಪಕರಣದ ಗುರುತಾದ MAC ವಿಳಾಸ ಕಂಪನಿಯವರಲ್ಲಿ ಲಾಕ್ ಆಗಿರಬಹುದು. ರಿಲೀಸ್ ಮಾಡಿಸಿ.

ರೂಟರಿನ WAN IP 192.168ರಿಂದ ಶುರುವಾಗಿದ್ದರೆ ಓಎನ್‌ಟಿ ಇನ್ನೂ ರೂಟರ್ ಕೆಲಸ ಬಿಟ್ಟಿಲ್ಲ. 100.64ರಿಂದ 100.127ರೊಳಗಿದ್ದರೆ ನಮ್ಮ ಕಡೆ ಸರಿಯಿದೆ. ಅದು ಕಂಪನಿ ಹಲವರಿಗೆ ಒಂದೇ ಪಬ್ಲಿಕ್ IP ಹಂಚುವ ಪದ್ಧತಿ. ವೇಗಕ್ಕೆ ಅದರಿಂದ ಸಾಮಾನ್ಯವಾಗಿ ಧಕ್ಕೆಯಿಲ್ಲ, ಆದರೆ ಹೊರಗಿನಿಂದ ಕ್ಯಾಮೆರಾ ನೋಡಲು ಪೋರ್ಟ್ ತೆರೆದರೆ ಕೆಲಸ ಮಾಡದು.

ಇನ್ನು ವೈಫೈ ಚಾನೆಲ್ ನಮ್ಮ ಕೈಗೆ ಬಂತು. 5 ಗಿಗಾಹರ್ಟ್ಸ್‌ಗೆ 80 ಮೆಗಾಹರ್ಟ್ಸ್ ಅಗಲ, 2.4ಕ್ಕೆ 20 ಅಗಲ ಕೊಟ್ಟು 1, 6, 11ರಲ್ಲಿ ಅಕ್ಕಪಕ್ಕದವರ ಗದ್ದಲ ಕಡಿಮೆ ಇರುವುದನ್ನು ಹಿಡಿದೆ. ಓಎನ್‌ಟಿ ಮಾತ್ರ ಈಗಲೂ ದೂರದಿಂದ ಉಪಕರಣ ನಿರ್ವಹಿಸುವ TR-069 ಮೂಲಕ ಕಂಪನಿಯ ಮಾತು ಕೇಳುತ್ತದೆ. ಫರ್ಮ್‌ವೇರ್ ಕಳಿಸಿದಾಗ ಅದು Route ಮೋಡ್‌ಗೆ ಮರಳಬಹುದು. ನೆಟ್ ಏಕಾಏಕಿ ನಿಂತರೆ ನಾನು ಮೊದಲು ನೋಡುವುದು ಅದನ್ನೇ.