ಸೈಡ್ ಬಿಸಿನೆಸ್: ತಿಂಗಳಿಗೆ ಎಷ್ಟು ಬಂದರೆ ಶ್ರಮ ಸಾರ್ಥಕ ಅಂತ ನಾನು ಲೆಕ್ಕ ಹಾಕಿದ ಬಗೆ

ಕೆಲಸ ಮುಗಿಸಿ ಬಂದ ಮೇಲೆ, ರಜಾದಿನಗಳಲ್ಲಿ ನಾನು ಲ್ಯಾಪ್‌ಟಾಪ್ ಬ್ಯಾಗ್ ಹೊಲಿದು ಆರ್ಡರ್ ಮೇಲೆ ಮಾರುತ್ತೇನೆ. ಖರ್ಚು ಕಳೆದು ಒಂದಿಷ್ಟು ದುಡ್ಡು ಉಳಿಯುತ್ತಿತ್ತು. ಆದರೆ ಅದಕ್ಕೆ ಕೊಡುತ್ತಿದ್ದ ಸಮಯಕ್ಕೆ ಆ ದುಡ್ಡು ಸಾಕಾ ಅನ್ನುವುದು ಬೇರೆಯೇ ಪ್ರಶ್ನೆ, ಅಲ್ವಾ? ಅದಕ್ಕೆ ಉತ್ತರ ಹುಡುಕಿದ್ದು ಹೀಗೆ.

ಮೊದಲು ನನ್ನ ಒಂದು ಗಂಟೆಯ ಬೆಲೆ ಏನು ಅಂತ ನೋಡಿದೆ. ತೆರಿಗೆ ಕಳೆದು ಕೈಗೆ ಬರುವ ಸಂಬಳ ತೆಗೆದುಕೊಂಡೆ. ಅದರಲ್ಲಿ ಓಡಾಟದ ಖರ್ಚು ಕಳೆದೆ. ಉಳಿದದ್ದನ್ನು ಕೆಲಸದ ಗಂಟೆಗಳಿಂದ ಮಾತ್ರ ಅಲ್ಲ, ಹೋಗಿ ಬರುವ ಗಂಟೆಗಳನ್ನೂ ಸೇರಿಸಿ ಭಾಗಿಸಿದೆ. ಹೀಗೆ ಬಂದದ್ದನ್ನು 100 ಅಂತ ಇಟ್ಟುಕೊಳ್ಳೋಣ. ನಿಮ್ಮ ಹಣ ಯಾವುದೇ ಇರಲಿ, ಮುಂದಿನ ಅಂಕಿಗಳೆಲ್ಲ ಈ 100ರ ಲೆಕ್ಕದಲ್ಲೇ ಇವೆ.

ಇನ್ನು ತೆರಿಗೆ. ಸೈಡ್ ಆದಾಯ ಸಂಬಳದ ಮೇಲೆ ಸೇರುತ್ತದೆ. ಹಾಗಾಗಿ ಅದಕ್ಕೆ ಬೀಳುವುದು ಸಂಬಳದ ಸರಾಸರಿ ದರ ಅಲ್ಲ, ನಾವಿರುವ ಮೇಲಿನ ಹಂತದ ದರ. ನನ್ನ ಲೆಕ್ಕಕ್ಕೆ 20% ಹಿಡಿದೆ. ಅಂದರೆ ಕೈಯಲ್ಲಿ 100 ಉಳಿಯಬೇಕಾದರೆ ಗಂಟೆಗೆ 125 ಲಾಭ ಬರಬೇಕು. ಇದಕ್ಕಿಂತ ಕಡಿಮೆಗೆ ನನ್ನ ರಜಾದಿನ ಬಿಟ್ಟುಕೊಡಲು ನಾನು ಸಿದ್ಧಳಿಲ್ಲ. ಬೇರೆಯವರು ಈ ಅಂಕಿಯನ್ನು ಇಳಿಸಿಕೊಳ್ಳಬಹುದು, ಆದರೆ ಲೆಕ್ಕ ಶುರು ಮಾಡುವ ಮುಂಚೆಯೇ ಅದನ್ನು ನಿರ್ಧರಿಸಿಕೊಳ್ಳಬೇಕು.

ಆಮೇಲೆ ಸಮಯ. ಹೊಲಿಗೆಗೆ ಬ್ಯಾಗಿಗೆ 2 ಗಂಟೆ ಅಂತ ಎಲ್ಲರಿಗೂ ಹೇಳುತ್ತಿದ್ದೆ. ಗಡಿಯಾರ ನೋಡಿ ಬರೆದುಕೊಂಡಾಗ, ಗ್ರಾಹಕರ ಮೆಸೇಜ್, ಬಣ್ಣದ ಆಯ್ಕೆ, ಪ್ಯಾಕಿಂಗ್, ಪಾರ್ಸೆಲ್ ಕಳಿಸುವುದು ಸೇರಿ ಇನ್ನೂ 40 ನಿಮಿಷ ಬಂತು. ಒಟ್ಟು 2 ಗಂಟೆ 40 ನಿಮಿಷ. ಇದಲ್ಲದೆ ಒಂದೇ ಒಂದು ಬ್ಯಾಗ್ ಮಾರಿದರೂ ತಪ್ಪದ ಕೆಲಸಗಳಿವೆ: ಬಟ್ಟೆ, ಜಿಪ್ ತರುವುದು, ಫೋಟೋ ತೆಗೆಯುವುದು, ಲೆಕ್ಕ ಬರೆಯುವುದು. ಅದಕ್ಕೆ ತಿಂಗಳಿಗೆ 8 ಗಂಟೆ.

ಈಗ ಒಂದು ಬ್ಯಾಗ್ ನೋಡೋಣ. ಬೆಲೆ 900. ಬಟ್ಟೆ, ಜಿಪ್, ದಾರಕ್ಕೆ 342. ಪ್ಯಾಕಿಂಗ್ ಮತ್ತು ಸಾಗಣೆಗೆ 108. ಮಾರಾಟದ ಕಮಿಷನ್ 8%, ಅಂದರೆ 72. ಉಳಿದದ್ದು 378. ಕೇಳಲು ಚೆನ್ನಾಗಿದೆ. ಆದರೆ ಆ 2 ಗಂಟೆ 40 ನಿಮಿಷಕ್ಕೆ 125ರಂತೆ ನನಗೆ ನಾನೇ ಕೂಲಿ ಕೊಟ್ಟರೆ 333 ಹೋಗುತ್ತದೆ. ಕೊನೆಗೆ ಉಳಿಯುವುದು ಬರೀ 45.

ಈ 45ರಿಂದಲೇ ತಿಂಗಳ ಕಾಯಂ ಖರ್ಚು ತೀರಬೇಕು. ಹೊಲಿಗೆ ಯಂತ್ರಕ್ಕೆ ಕೊಟ್ಟ 24,000ವನ್ನು 4 ವರ್ಷಕ್ಕೆ ಹಂಚಿದರೆ ತಿಂಗಳಿಗೆ 500. ಸೂಜಿ, ಎಣ್ಣೆ, ರಿಪೇರಿ ಅಂತ 300. ಆ 8 ಗಂಟೆಯ ಕೂಲಿ 1,000. ಒಟ್ಟು 1,800. ಇದನ್ನು 45ರಿಂದ ಭಾಗಿಸಿದರೆ 40 ಬ್ಯಾಗ್. ಅಷ್ಟು ಹೊಲಿಯಲು ಆ 8 ಗಂಟೆಯೂ ಸೇರಿ ತಿಂಗಳಿಗೆ ಸುಮಾರು 115 ಗಂಟೆ ಬೇಕು. ಬಿಡುವಿನ ವೇಳೆಯಲ್ಲಿ ಇದು ಆಗದ ಮಾತು.

‘ತಿಂಗಳಿಗೆ ಇಷ್ಟು ಮಾರಾಟ ಆದರೆ ಸಾಕು’ ಅಂತ ಸುಮ್ನೆ ಒಂದು ಮೊತ್ತ ಇಟ್ಟುಕೊಂಡರೆ ದಾರಿ ತಪ್ಪುವುದು ಇಲ್ಲೇ. ಕೈಕೆಲಸದಲ್ಲಿ ಮಾರಾಟ ಹೆಚ್ಚಿದಂತೆ ಗಂಟೆಗಳೂ ಹೆಚ್ಚುತ್ತವೆ. ಕೂಲಿ ಕಳೆದ ಮೇಲೆ ಒಂದು ಬ್ಯಾಗಿನಲ್ಲಿ ಉಳಿಯುವುದು ಸೊನ್ನೆಗಿಂತ ಕೆಳಗಿದ್ದರಂತೂ ಎಷ್ಟು ಮಾರಿದರೂ ಗುರಿ ಮುಟ್ಟುವುದಿಲ್ಲ.

ಹಾಗಾಗಿ ಬೆಲೆಯನ್ನು 1,050ಕ್ಕೆ ಏರಿಸಿದೆ. ಕಮಿಷನ್ 84 ಆಯಿತು, ಉಳಿದ ಖರ್ಚು ಬದಲಾಗಲಿಲ್ಲ. ಬ್ಯಾಗಿಗೆ 516, ಕೂಲಿ ಕಳೆದು 183. ಈಗ 1,800 ತೀರಲು 10 ಬ್ಯಾಗ್ ಸಾಕು. ಅಂದರೆ ತಿಂಗಳ ಮಾರಾಟ 10,500. ಇದೇ ನನ್ನ ಗೆರೆ.

ಆರ್ಡರ್ ಕಡಿಮೆಯಾಗುತ್ತದೆ ಅನ್ನುವ ಭಯ ಇತ್ತು. ಕಡಿಮೆಯಾಯಿತು ಕೂಡ, 15ರಿಂದ 11ಕ್ಕೆ. ಆದರೆ ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ. 900ರಂತೆ 15 ಮಾರಿದಾಗ ಖರ್ಚೆಲ್ಲ ಕಳೆದು, ಆದರೆ ನನ್ನ ಕೂಲಿ ಕಳೆಯದೆ, ತೆರಿಗೆಗೆ ಮುಂಚೆ ಉಳಿಯುತ್ತಿದ್ದದ್ದು 4,870, ದುಡಿಮೆ 48 ಗಂಟೆ. 1,050ರಂತೆ 11 ಮಾರಿದಾಗ ಉಳಿದದ್ದು 4,876, ದುಡಿಮೆ ಸುಮಾರು 37 ಗಂಟೆ. ದುಡ್ಡು ಅಷ್ಟೇ, ಗಂಟೆಗೆ ಬೀಳುವುದು 101ರಿಂದ 131ಕ್ಕೆ ಏರಿತು. ಮೊದಲಿನದು ಗಂಟೆಯ 125ಕ್ಕಿಂತ ಕೆಳಗೆ, ಎರಡನೆಯದು ಮೇಲೆ.

ಒಂದು ತಿಂಗಳ ಅಂಕಿ ನೋಡಿ ನಾನು ತೀರ್ಮಾನಕ್ಕೆ ಬರುವುದಿಲ್ಲ. ಒಂದೇ ದೊಡ್ಡ ಆರ್ಡರ್ ಬಂದರೂ ಚಿತ್ರ ಬದಲಾಗುತ್ತದೆ. 3 ತಿಂಗಳ ಸರಾಸರಿ ತೆಗೆಯುತ್ತೇನೆ, ಅದೂ ಕೈಗೆ ಬಂದ ದುಡ್ಡನ್ನು ಮಾತ್ರ ಸೇರಿಸಿ. ವಾಪಸ್ ಬಂದ ಬ್ಯಾಗನ್ನು ಎಣಿಸುವುದಿಲ್ಲ, ಅದಕ್ಕೆ ಹೋದ ಸಾಗಣೆಯನ್ನು ಖರ್ಚಿಗೆ ಹಾಕುತ್ತೇನೆ.

ಇತ್ತೀಚೆಗೆ ಒಂದೇ ಬಣ್ಣದ ಬಟ್ಟೆಯನ್ನು ಹಲವು ಬ್ಯಾಗಿಗೆ ಒಟ್ಟಿಗೆ ಕತ್ತರಿಸಲು ಶುರು ಮಾಡಿದ್ದೇನೆ. ಬ್ಯಾಗಿಗೆ 25 ನಿಮಿಷ ಉಳಿಯುತ್ತಿದೆ. ಗೆರೆ 10ರಿಂದ 8 ಬ್ಯಾಗಿಗೆ ಇಳಿದಿದೆ.